ಉತ್ತರ ಮೊದಲೇ ಹೇಳಿಬಿಟ್ಟರೆ

ಪತ್ರ: ಸಂಪಾದಕರೇ, ವೈದ್ಯರು ಕೂತು ಚರ್ಚಿಸಿದ ಒಂದು ಕೇಸಿನ ಐವತ್ತು ನಿಮಿಷದ ರೆಕಾರ್ಡಿಂಗನ್ನು ಒಂದು ಪುಟಕ್ಕೆ ಇಳಿಸಿದೆ. ಜೂನಿಯರ್‌ಗಳು ಓದಿ, "ಕಾಯಿಲೆ ಯಾವುದೆಂದು ತಿಳಿಯಿತು, ಅದನ್ನು ಹೇಗೆ ಹಿಡಿದರೆಂದು ತಿಳಿಯಲಿಲ್ಲ" ಅಂದರು. ಏನು ಬಿಟ್ಟೆ?
– ವೈದ್ಯಕೀಯ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ನಿಮ್ಮ ಪುಟ ಓದಿದೆ, ರೆಕಾರ್ಡಿಂಗನ್ನೂ ಕೇಳಿದೆ. ನೀವು ಬಿಟ್ಟದ್ದು ಕಡಿಮೆ. ಜಾಗ ತಪ್ಪಿಸಿದ್ದೇ ಹೆಚ್ಚು. "ಸೊಂಟದಲ್ಲಿ ಎಸ್ಕಾರ್ ಇದ್ದ ಸ್ಕ್ರಬ್ ಟೈಫಸ್ ರೋಗಿ" ಎಂದು ಮೊದಲ ಸಾಲಲ್ಲೇ ಬರೆದಿದ್ದೀರಿ. ಆ ಕಪ್ಪು ಹೊಪ್ಪಳೆ ವೈದ್ಯರಿಗೆ ಸಿಕ್ಕಿದ್ದು ಮೂವತ್ತೊಂದನೇ ನಿಮಿಷದಲ್ಲಿ. ಅಲ್ಲಿಯವರೆಗೆ ಅವರ ಮುಂದಿದ್ದುದು ಇಷ್ಟೇ: ಕಾಫಿ ತೋಟದ ಕೆಲಸದ ಹೆಂಗಸು, ಎಂಟು ದಿನದ ಜ್ವರ, ತಲೆನೋವು, ಪ್ಲೇಟ್‌ಲೆಟ್ 62,000. ಓದುವವರ ಕೈಗೂ ಮೊದಲು ಅಷ್ಟನ್ನೇ ಕೊಡಿ.

ಮಳೆಗಾಲ, ಪ್ಲೇಟ್‌ಲೆಟ್ ಕಡಿಮೆ. ಎಲ್ಲರಿಗೂ ಡೆಂಗಿಯೇ ನೆನಪಾಯಿತು. ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್ ಬಂತು. ನೀವು "ಡೆಂಗಿ ಅಲ್ಲವೆಂದು ಖಚಿತವಾಯಿತು" ಎಂದು ಬರೆದಿದ್ದೀರಿ. ಹಿರಿಯ ವೈದ್ಯರು ಹೇಳಿದ್ದು ಅದಲ್ಲ. ಆ ಪರೀಕ್ಷೆ ಹೆಚ್ಚಾಗಿ ಹಿಡಿಯುವುದು ಜ್ವರದ ಮೊದಲ ಐದಾರು ದಿನಗಳಲ್ಲಿ. ಎಂಟನೇ ದಿನದ ನೆಗೆಟಿವ್ ಡೆಂಗಿಯನ್ನು ತಳ್ಳಿಹಾಕುವುದಿಲ್ಲ. ಅವರಿಗೆ ಅನುಮಾನ ಬಂದದ್ದು ಬೇರೆ ಕಡೆಯಿಂದ: ಡೆಂಗಿಯಾಗಿದ್ದರೆ ಇಷ್ಟು ಹೊತ್ತಿಗೆ ಜ್ವರ ಇಳಿಯಬೇಕಿತ್ತು, ಇವರಿಗಿನ್ನೂ 103 ಡಿಗ್ರಿ. ಈ ಎರಡು ವಾಕ್ಯ ಬಿದ್ದುಹೋದರೆ ವಿದ್ಯಾರ್ಥಿ ತಪ್ಪನ್ನೇ ಕಲಿಯುತ್ತಾನೆ.

ಮುಂದೆ ಇಲಿಜ್ವರ. ಮೀನಖಂಡ ನೋವಿಲ್ಲ, ಕಣ್ಣು ಕೆಂಪಿಲ್ಲ, ಕ್ರಿಯಾಟಿನಿನ್ ಸರಿಯಿದೆ. ಪಟ್ಟಿಯಲ್ಲಿ ಕೆಳಗೆ ಇಳಿಸಿದರು, ಅಳಿಸಲಿಲ್ಲ. ಅವರ "ಇರಬಹುದು"ಗಳನ್ನು ನೀವು "ಇಲ್ಲ" ಮಾಡಬೇಡಿ.

ಆಮೇಲೆ ಒಬ್ಬರು ಕೇಳಿದರು: "ಬಟ್ಟೆ ಸಡಿಲಿಸಿ ಮೈ ಪೂರ್ತಿ ನೋಡಿದಿರಾ?" ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಸುತ್ತ ಕೆಂಪಾದ, ನೋವಿಲ್ಲದ ಕಪ್ಪು ಹೊಪ್ಪಳೆ. ದಾಖಲಿಸಿಕೊಂಡ ದಿನವೇ ಒಬ್ಬರು ನೋಡಿದ್ದರು; ಜಿಗಣೆ ಕಚ್ಚಿದ ಗಾಯವೆಂದು ಬಿಟ್ಟಿದ್ದರು. ಈ ತಪ್ಪನ್ನು ನೀವು ಮರ್ಯಾದೆಗೆಂದು ಕೈಬಿಟ್ಟಿದ್ದೀರೇನೋ! ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಇಡೀ ರೆಕಾರ್ಡಿಂಗಿನಲ್ಲಿ ಹೆಚ್ಚು ಉಪಯೋಗದ ಮಾತು ಅದೇ. ಹೆಸರು ಬೇಡ, ತಪ್ಪು ಇರಲಿ. ಹೊಪ್ಪಳೆ ಕಾಣದ ಸ್ಕ್ರಬ್ ಟೈಫಸ್ ರೋಗಿಗಳೂ ಬಹಳವಿದ್ದಾರೆ ಎಂದು ವೈದ್ಯರೇ ಸೇರಿಸಿದ ಮಾತನ್ನೂ ಉಳಿಸಿ.

ಸ್ಕ್ರಬ್ ಟೈಫಸ್‌ನ ಐಜಿಎಂ ರಕ್ತಪರೀಕ್ಷೆಯ ವರದಿಗೆ ಕಾಯದೆ ಅಂದೇ ಡಾಕ್ಸಿಸೈಕ್ಲಿನ್ ಶುರುಮಾಡಿದರು. ಎರಡು ದಿನದಲ್ಲಿ ಜ್ವರ ಇಳಿಯಿತು. "ಇದರಿಂದ ರೋಗ ಸಾಬೀತಾಯಿತು" ಎಂಬ ನಿಮ್ಮ ಸಾಲು ತೆಗೆಯಿರಿ. ಇಲಿಜ್ವರಕ್ಕೂ ಅದೇ ಔಷಧಿ ಕೊಡುತ್ತಾರೆ, ಹಾಗಾಗಿ ಜ್ವರ ಇಳಿದದ್ದು ಎರಡರ ನಡುವೆ ತೀರ್ಪು ಕೊಡುವುದಿಲ್ಲ. ತೂಕ ಬಂದದ್ದು ಹೊಪ್ಪಳೆಯಿಂದ, ಆಮೇಲೆ ಪಾಸಿಟಿವ್ ಬಂದ ಐಜಿಎಂನಿಂದ.

ಬರೆಯುವಾಗ ಪ್ರತಿ ತಿರುವಿನಲ್ಲೂ ಒಂದು ಗೆರೆ ಎಳೆದು, "ಈಗ ನೀವೇನು ಕೇಳುತ್ತೀರಿ?" ಎಂದು ನಿಲ್ಲಿಸಿ, ಉತ್ತರ ಕೆಳಗೆ ಕೊಡಿ. ಪುಟ ಒಂದೂವರೆಯಾದರೆ ಆಗಲಿ.

ತೋಟದ ಹೆಸರು ಮಾತ್ರ ಹೊಡೆದುಹಾಕಿದ್ದೇನೆ. ಕೊಡಗಿನಲ್ಲಿ ತೋಟ, ವಯಸ್ಸು ಎರಡು ಹೇಳಿದರೆ ಮನೆಯೇ ಗೊತ್ತಾಗುತ್ತದೆ.