ಹದಿನಾರು ದಿನ ಉತ್ತರ ಬಾರದ ಮೇಲ್

ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ಬಂದಿದ್ದಳು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಮೂರನೇ ಅಧ್ಯಾಯವನ್ನು ಗೈಡ್‌ಗೆ ಮೇಲ್ ಮಾಡಿ 16 ದಿನ ಆಗಿತ್ತು, ಉತ್ತರ ಇರಲಿಲ್ಲ. "ಸರ್‌ಗೆ ನನ್ನ ಮೇಲೆ ಬೇಜಾರು ಅನ್ಸುತ್ತೆ ಮೇಡಂ. ಇಷ್ಟ ಆಗದಿದ್ರೆ ಹೇಳಬಹುದಲ್ವಾ?" ಎಂದಳು. ರಾತ್ರಿ ಎದ್ದೆದ್ದು ಇನ್‌ಬಾಕ್ಸ್ ನೋಡುತ್ತಿದ್ದಳಂತೆ.

ಕಳಿಸಲು ಧೈರ್ಯ ಬಾರದೆ ಉಳಿದಿದ್ದ ಮೇಲ್ ಅನ್ನು ಫೋನಿನಲ್ಲಿ ತೋರಿಸಿದಳು. ಸಬ್ಜೆಕ್ಟ್‌ನಲ್ಲಿ 'ಜೆಂಟಲ್ ರಿಮೈಂಡರ್'. ಕೆಳಗೆ: "ಸರ್, ಹದಿನಾರು ದಿನಗಳ ಹಿಂದೆಯೇ ಅಧ್ಯಾಯ ಕಳುಹಿಸಿದ್ದೆ. ಇದುವರೆಗೂ ಉತ್ತರ ಬಂದಿಲ್ಲ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ದಯವಿಟ್ಟು ಆದಷ್ಟು ಬೇಗ ತಿಳಿಸಿ."

ಕ್ಷಮಿಸಿ, ದಯವಿಟ್ಟು ಎಲ್ಲವೂ ಇದೆ. ಆದರೂ ದೂರಿನ ಹಾಗೆ ಕೇಳುತ್ತದೆ. 'ಹಿಂದೆಯೇ' ಅನ್ನುವುದರ ಆ 'ಏ', 'ಇದುವರೆಗೂ' ಅನ್ನುವುದರ ಆ 'ಊ', ಕುಟುಕು ಇರುವುದೇ ಅಲ್ಲಿ. ದಿನ ಎಣಿಸಿ ಹೇಳಿದರೆ ಅವರು ತಪ್ಪಿತಸ್ಥರ ಜಾಗದಲ್ಲಿ ನಿಲ್ಲುತ್ತಾರೆ. '12ರಂದು ಕಳುಹಿಸಿದ' ಅಂದರೆ ಹುಡುಕಲು ಸುಲಭವಾಗುತ್ತದೆ, ಅಷ್ಟೇ.

ಆಮೇಲೆ ಅವಳ ಮೊದಲ ಮೇಲ್ ತೆಗೆಸಿದೆ. 42 ಪುಟದ ಫೈಲು, ಜೊತೆಗೆ "ನೋಡಿ ಹೇಳಿ ಸರ್" ಎಂಬ ಒಂದೇ ಸಾಲು. ನನಗೆ ಕಾರಣ ಇಲ್ಲೇ ಇದೆ ಅನ್ನಿಸಿತು. ಏನು ಹೇಳಬೇಕು ಅಂತ ತಿಳಿಯದ, ಅರ್ಧ ದಿನ ಬೇಡುವ ಕೆಲಸವನ್ನು ಯಾರಾದರೂ ಬಿಡುವಾದಾಗ ನೋಡೋಣ ಅಂತ ಬದಿಗಿಡುತ್ತಾರೆ. ಅದಕ್ಕೆ ಬೇಜಾರೇ ಆಗಿರಬೇಕಿಲ್ಲ. "ನಿನ್ನ ಕೆಲಸ ನಿಜವಾಗಿ ಎಲ್ಲಿ ನಿಂತಿದೆ?" ಎಂದು ಕೇಳಿದೆ. ಸಂದರ್ಶನಗಳನ್ನು ಜೋಡಿಸಿದ ನಾಲ್ಕು ಪುಟಗಳಲ್ಲಿ ಮಾತ್ರ ಅಂದಳು.

ಹೊಸ ಸಬ್ಜೆಕ್ಟ್ ಬೇಡ, ಹಳೆಯ ಮೇಲ್‌ಗೇ ರಿಪ್ಲೈ ಒತ್ತು ಅಂದೆ. ಫೈಲು ಕೆಳಗಿಂದ ಹುಡುಕುವ ಕಷ್ಟ ತಪ್ಪಲಿ ಎಂದು ಮತ್ತೆ ಲಗತ್ತಿಸಿದೆವು. ಕೂತು ಬರೆದದ್ದು ಇಷ್ಟು:

"ಸರ್, ನಮಸ್ಕಾರ. 12ರಂದು ಕಳುಹಿಸಿದ ಮೂರನೇ ಅಧ್ಯಾಯದ ಬಗ್ಗೆ ಬರೆಯುತ್ತಿದ್ದೇನೆ. ಪೂರ್ತಿ ಓದುವುದು ನಿಧಾನವಾಗಿ ಆಗಲಿ. ಸದ್ಯಕ್ಕೆ 18ರಿಂದ 21ನೇ ಪುಟ ನೋಡಿದರೆ ಸಾಕು. ಸಂದರ್ಶನಗಳನ್ನು ಊರಿನ ಪ್ರಕಾರ ಜೋಡಿಸಿದ್ದೇನೆ. ಹೀಗೇ ಇರಲಾ, ವಯಸ್ಸಿನ ಪ್ರಕಾರ ಮಾಡಲಾ? ಅಲ್ಲಿಯವರೆಗೆ ನಾಲ್ಕನೇ ಅಧ್ಯಾಯಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿರುತ್ತೇನೆ. ಬುಧವಾರ ವಿಭಾಗಕ್ಕೆ ಬರುತ್ತೇನೆ, ಆಗ ಹೇಳಿದರೂ ಆಗುತ್ತದೆ."

ಟಿಪ್ಪಣಿಯ ಸಾಲನ್ನು ಸುಮ್ನೆ ಬರೆಯಬಾರದು. ಅವಳು ಇನ್ನೂ ಶುರು ಮಾಡಿರಲಿಲ್ಲ. ಸಂಜೆ ಎರಡು ಪುಟ ಟಿಪ್ಪಣಿ ಮಾಡಿ, ಆಮೇಲೆ ಕಳಿಸು ಅಂದೆ. ನಿನ್ನ ಕೆಲಸ ನಡೀತಿದೆ ಅಂತ ಗೊತ್ತಾದರೆ ಅವರಿಗೆ ಒತ್ತಡ ಅನ್ನಿಸುವುದಿಲ್ಲ, ನಿನಗೂ ಇನ್‌ಬಾಕ್ಸ್ ಕಾಯುವುದು ಕಡಿಮೆಯಾಗುತ್ತದೆ.

ಒಂದು ಮಾತು ಸೇರಿಸಿದೆ. ಪ್ರಗತಿ ವರದಿ ಸಲ್ಲಿಸುವಂಥ ಕೊನೇ ದಿನಾಂಕ ಇದ್ದರೆ ಅದನ್ನು ನೇರವಾಗಿ ಬರೆದುಬಿಡು, ಮುಚ್ಚಿಟ್ಟುಕೊಂಡು ಕಾಯಬೇಡ. ಇದಕ್ಕೂ ಉತ್ತರ ಬರದಿದ್ದರೆ ಮೂರನೇ ಮೇಲ್ ಬೇಡ, ಆ ನಾಲ್ಕು ಪುಟದ ಪ್ರಿಂಟ್ ಹಿಡಿದು ಹೋಗು.

ಮೇಲ್‌ಗೆ ಉತ್ತರ ಬರಲಿಲ್ಲ. ಬುಧವಾರ ಬಾಗಿಲಲ್ಲಿ ನೋಡಿದ ಕೂಡಲೇ ಸರ್, "ವಯಸ್ಸಿನ ಪ್ರಕಾರ ಮಾಡಮ್ಮ" ಅಂದರಂತೆ.