ಮಾತ್ರೆಯ ಮೇಲೆ ತಪ್ಪು ಹೊರಿಸುವ ಮೊದಲು ತುಟಿ ನೋಡಿ

*ಸಂಪಾದಕರೇ, ನನ್ನ ತಮ್ಮ ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್. ವಯಸ್ಸು 26. ಎರಡು ವರ್ಷದಿಂದ ಹಣ್ಣು ಕೊಯ್ಯುವ ಸಮಯಕ್ಕೆ ಅವನ ತುಟಿ ಮೇಲೆ ಜ್ವರದ ಗುಳ್ಳೆ ಏಳುತ್ತೆ. ನೋವಿನ ಮಾತ್ರೆ ತಗೊಳ್ತಾನೆ. ಆಮೇಲೆ ಎರಡೂ ಮುಂಗೈ, ಮೊಣಕೈ ಮೇಲೆ ಸುತ್ತು ಸುತ್ತಾದ ಕಲೆ ಬರುತ್ತೆ. ಒಬ್ಬರು ಹುಳುಕಡ್ಡಿ ಅಂದರು, ಮೆಡಿಕಲ್ ಶಾಪಿನವರು ಮಾತ್ರೆ ಅಲರ್ಜಿ ಅಂದರು. ಮಧ್ಯೆ ಮಳೆಗಾಲದಲ್ಲಿ ಸೊಂಟ ನೋವಿಗೆ ಅದೇ ಮಾತ್ರೆ ತಿಂದಾಗ ಏನೂ ಆಗಿರಲಿಲ್ಲ. ಈ ಸಲ ಹೆದರಿ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ಜನವರಿ 10ಕ್ಕೆ ತುಟಿ ಗುಳ್ಳೆ, 19ಕ್ಕೆ ಮತ್ತೆ ಕೈ ಮೇಲೆ ಕಲೆ! ಹಳೇ ಮಾತ್ರೆಯ ವಿಷ ಮೈಯಲ್ಲೇ ಉಳಿದಿದೆಯಾ? ಫೋಟೋ ಕಳಿಸಿದ್ದೇನೆ. – ಓದುಗರೊಬ್ಬರು, ಸಕಲೇಶಪುರ*

ಇಲ್ಲ, ಯಾವ ವಿಷವೂ ಉಳಿದಿಲ್ಲ. ನೀವು ದಿನಾಂಕ ಸಮೇತ ಬರೆದದ್ದು ತುಂಬಾ ಒಳ್ಳೆಯದಾಯಿತು. ಉತ್ತರದ ಮುಕ್ಕಾಲು ಭಾಗ ಆ ಎರಡು ತಾರೀಖುಗಳಲ್ಲೇ ಇದೆ.

ಮೊದಲು ಕಲೆಯ ವಿಷಯ. ಫೋಟೋದಲ್ಲಿ ಮುಂಗೈ ಮೇಲಿನ ಒಂದು ಕಲೆ ಚೆನ್ನಾಗಿ ಕಾಣುತ್ತದೆ. ನಡುವೆ ಕಪ್ಪು-ನೇರಳೆ ಬಣ್ಣದ ಚುಕ್ಕೆ, ಅದರ ಸುತ್ತ ಸ್ವಲ್ಪ ಊದಿದ ತಿಳಿ ಬಣ್ಣದ ಉಂಗುರ, ಅದರ ಹೊರಗೆ ಗಾಢವಾದ ಇನ್ನೊಂದು ಉಂಗುರ. ಬಿಲ್ಲುಗಾರರ ಗುರಿಹಲಗೆಯ ಹಾಗೆ. ಹೀಗೆ ಮೂರು ಪದರ ಇರುವ, 3 ಸೆಂಟಿಮೀಟರಿಗಿಂತ ಚಿಕ್ಕದಾದ ಕಲೆಗಳು ಎರಡೂ ಕೈಗಳಲ್ಲಿ ಒಟ್ಟೊಟ್ಟಿಗೆ ಎದ್ದರೆ ಚರ್ಮದ ವೈದ್ಯರು ಮೊದಲು ನೆನೆಯುವುದು ಎರಿಥೀಮಾ ಮಲ್ಟಿಫಾರ್ಮೆ ಎಂಬ ತೊಂದರೆಯನ್ನು. ಪುಸ್ತಕದ ಚಿತ್ರಗಳಲ್ಲಿ ಹೊರಗಿನ ಉಂಗುರ ಕೆಂಪಾಗಿರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಕಂದು ಅಥವಾ ನೇರಳೆಯಾಗಿ ಕಾಣುತ್ತದೆ. ಅದಕ್ಕೇ ಇದನ್ನು ಹುಳುಕಡ್ಡಿ ಅಂದುಕೊಳ್ಳುವುದು ಸುಲಭ. ಆದರೆ ಹುಳುಕಡ್ಡಿ ನಿಧಾನವಾಗಿ ಅಗಲವಾಗುತ್ತದೆ, ಅಂಚಿನಲ್ಲಿ ಹೊಟ್ಟು ಏಳುತ್ತದೆ. ಮೂರು-ನಾಲ್ಕು ದಿನದೊಳಗೆ ಎರಡೂ ಮುಂಗೈ ತುಂಬಾ ಏಳುವುದು ಅದರ ಸ್ವಭಾವವಲ್ಲ.

ಪಿತ್ತದ ಗಂಧೆಯೂ ದುಂಡಗೆ ಏಳುತ್ತದಲ್ವಾ ಎಂದು ನೀವು ಕೇಳಬಹುದು. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಕಲೆಯ ಸುತ್ತ ಬಾಲ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಗಂಧೆಯಾದರೆ ಮಾರನೇ ದಿನದ ಹೊತ್ತಿಗೆ ಅದು ಅಲ್ಲಿಂದ ಮಾಯವಾಗಿ ಬೇರೆ ಕಡೆ ಎದ್ದಿರುತ್ತದೆ. ಎರಿಥೀಮಾ ಮಲ್ಟಿಫಾರ್ಮೆಯ ಕಲೆ ಕನಿಷ್ಠ ಒಂದು ವಾರ ಇದ್ದ ಜಾಗದಲ್ಲೇ ಇರುತ್ತದೆ.

ಈಗ ತಾರೀಖಿಗೆ ಬರೋಣ. ಜನವರಿ 10ರಿಂದ 19, ಅಂದರೆ ಒಂಬತ್ತು ದಿನ. ಜ್ವರದ ಗುಳ್ಳೆ ಎಂದು ನಾವು ಕರೆಯುವುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಕೆಲಸ. (ಸರ್ಪಸುತ್ತು ಬೇರೆ, ಅದರ ವೈರಸ್ಸೇ ಬೇರೆ.) ಎರಿಥೀಮಾ ಮಲ್ಟಿಫಾರ್ಮೆಗೆ ಅತಿ ಹೆಚ್ಚು ಸಲ ಕಾರಣವಾಗುವುದು ಇದೇ ವೈರಸ್. ಗುಳ್ಳೆ ಎದ್ದ ಒಂದೆರಡು ವಾರದೊಳಗೆ ಕೈ ಮೇಲೆ ಕಲೆ ಬರುವುದು ಅದರ ವಾಡಿಕೆ. ಅಷ್ಟರಲ್ಲಿ ತುಟಿ ಒಣಗಿ ಮರೆತೇ ಹೋಗಿರುತ್ತದೆ. ನೆನಪಿನಲ್ಲಿ ಉಳಿಯುವುದು ನುಂಗಿದ ಮಾತ್ರೆ ಮಾತ್ರ.

ವೈರಸ್ ಒಮ್ಮೆ ಮೈ ಸೇರಿದರೆ ಮುಖದ ನರದ ಬುಡದಲ್ಲಿ ಸುಮ್ನೆ ಕೂತಿರುತ್ತದೆ. ಜ್ವರ, ಆಯಾಸ, ಜಾಸ್ತಿ ಬಿಸಿಲು ಇವು ಅದನ್ನು ಎಬ್ಬಿಸುತ್ತವೆ. ಕೊಯ್ಲಿನ ದಿನಗಳಲ್ಲಿ ಕಾಫಿ ಕಣದಲ್ಲಿ ದಿನವಿಡೀ ನೆರಳಿಲ್ಲದೆ ನಿಲ್ಲುವವರಿಗೆ ಅದೇ ಹೊತ್ತಿಗೆ ತುಟಿ ಒಡೆಯುವುದು ಆಶ್ಚರ್ಯವಲ್ಲ. ಗುಳ್ಳೆ ಎದ್ದಾಗ ವೈರಸ್ಸಿನ ಡಿಎನ್ಎ ತುಣುಕುಗಳು ರಕ್ತದ ಕೆಲವು ಕಣಗಳ ಜೊತೆ ಚರ್ಮಕ್ಕೆ ಬಂದು ಸೇರುತ್ತವೆ. ಅಲ್ಲಿ ಅವು ವೈರಸ್ಸಿನ ಪ್ರೋಟೀನ್ ತಯಾರಿಸುತ್ತವೆ. ಅದನ್ನು ಗುರುತಿಸಿದ ಮೈಯ ರಕ್ಷಣಾ ಕಣಗಳು ಆ ಜಾಗದ ಮೇಲೆ ದಾಳಿ ಮಾಡುತ್ತವೆ. ಕೈ ಮೇಲೆ ಕಾಣುವುದು ಆ ದಾಳಿಯ ಗುರುತು. ಆದ್ದರಿಂದ ಕೈಯ ಕಲೆ ಮುಟ್ಟಿದರೆ ಯಾರಿಗೂ ಅಂಟುವುದಿಲ್ಲ. ಹಸಿ ಇರುವ ತುಟಿ ಗುಳ್ಳೆ ಮಾತ್ರ ಅಂಟುತ್ತದೆ. ಆ ದಿನಗಳಲ್ಲಿ ಲೋಟ, ಟವೆಲ್ ಬೇರೆ ಇಡಿ, ಪುಟ್ಟ ಮಕ್ಕಳಿಗೆ ಮುತ್ತು ಕೊಡುವುದು ಬೇಡ.

ಹಾಗಾದರೆ ಮಾತ್ರೆಯಿಂದ ಇದು ಬರುವುದೇ ಇಲ್ಲವೇ? ಬರುತ್ತದೆ, ಆದರೆ ಸೋಂಕಿಗೆ ಹೋಲಿಸಿದರೆ ಕಡಿಮೆ. ಸಲ್ಫಾ ಮಾತ್ರೆಗಳು, ಪೆನ್ಸಿಲಿನ್ ಗುಂಪಿನ ಔಷಧಿಗಳು, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಕೆಲವು ನೋವಿನ ಮಾತ್ರೆಗಳು ಈ ಪಟ್ಟಿಯಲ್ಲಿವೆ. ನಿಮ್ಮ ತಮ್ಮನ ನೋವಿನ ಮಾತ್ರೆಯನ್ನೂ ಅನುಮಾನಿಸಬಹುದಿತ್ತು. ಆದರೆ ಮಳೆಗಾಲದಲ್ಲಿ ಅದನ್ನೇ ತಿಂದಾಗ ಏನೂ ಆಗಲಿಲ್ಲ, ಈ ಜನವರಿಯಲ್ಲಿ ತಿನ್ನದೇ ಇದ್ದಾಗ ಕಲೆ ಬಂತು. ಕಲೆ ಬಂದ ಎಲ್ಲ ಸಲವೂ ಇದ್ದದ್ದು ತುಟಿ ಗುಳ್ಳೆ. ಇಷ್ಟು ಸ್ಪಷ್ಟವಾದ ಸಾಕ್ಷಿ ಎಷ್ಟೋ ಸಲ ವೈದ್ಯರಿಗೂ ಸಿಗುವುದಿಲ್ಲ. ಅದಕ್ಕೇ ಎಲ್ಲ ಮಾತ್ರೆ ಬಿಟ್ಟು ನೋವಿನಲ್ಲಿ ನರಳುವುದು ನನಗೆ ಸಂಕಟದ ವಿಷಯ ಅನ್ನಿಸಿತು.

ಮಕ್ಕಳಿದ್ದವರಿಗೆ ಒಂದು ಮಾತು. ಕೆಮ್ಮು, ಜ್ವರ ತರುವ ಮೈಕೋಪ್ಲಾಸ್ಮಾ ಎಂಬ ರೋಗಾಣುವೂ ಹೀಗೆ ಮಾಡಬಲ್ಲದು. ಅದರಲ್ಲಿ ಚರ್ಮಕ್ಕಿಂತ ಬಾಯಿ, ತುಟಿ, ಕಣ್ಣು ಜಾಸ್ತಿ ಹುಣ್ಣಾಗುತ್ತವೆ. ಮಗುವನ್ನು ಬೇಗ ತೋರಿಸಬೇಕು.

ನನಗೆ ನಿಜವಾಗಿ ಭಯವಿರುವುದು ಇನ್ನೊಂದು ಕಾಯಿಲೆಯ ಬಗ್ಗೆ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂದು ಅದರ ಹೆಸರು. ಅದು ಹೆಚ್ಚಾಗಿ ಔಷಧಿಯಿಂದಲೇ ಬರುವಂಥದ್ದು. ಹೊಸ ಔಷಧಿ ಶುರು ಮಾಡಿದ ಸುಮಾರು 4 ದಿನದಿಂದ 4 ವಾರದೊಳಗೆ ಕಾಣಿಸಿಕೊಳ್ಳುವುದು ಜಾಸ್ತಿ. ಅಲ್ಲಿ ಕಲೆಗಳು ಊದಿರುವುದಿಲ್ಲ, ಚಪ್ಪಟೆಯಾಗಿರುತ್ತವೆ. ಎದೆ, ಬೆನ್ನು, ಮುಖದಿಂದ ಶುರುವಾಗಿ ಹರಡುತ್ತವೆ. ಚರ್ಮ ಮುಟ್ಟಿದರೆ ಉರಿ, ನೋವು. ಬಾಯಿ, ಕಣ್ಣು, ಮೂತ್ರದ ಜಾಗ ಹುಣ್ಣಾಗುತ್ತದೆ, ಚರ್ಮ ಸುಲಿಯುತ್ತದೆ. ಹಾಗೆ ಕಂಡರೆ ಹೊಸ ಔಷಧಿ ನಿಲ್ಲಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಔಷಧಿಯ ಚೀಟಿ ಕೈಯಲ್ಲಿರಲಿ. ಬೆಳಗಾಗಲಿ ಎಂದು ಕಾಯುವಂಥದ್ದಲ್ಲ.

ನಿಮ್ಮ ತಮ್ಮನಿಗೆ ಆ ಲಕ್ಷಣಗಳಿಲ್ಲ ಎಂದು ಬರೆದ ವಿವರ, ಫೋಟೋ ಎರಡೂ ಹೇಳುತ್ತವೆ. ಆದರೂ ಕಲೆ ಇರುವಾಗಲೇ ಹಾಸನದಲ್ಲಿ ಚರ್ಮದ ವೈದ್ಯರಿಗೆ ಒಮ್ಮೆ ತೋರಿಸಿ. ಫೋಟೋ ನೋಡಿ ಖಚಿತ ಮಾಡುವುದು ಸರಿಯಲ್ಲ. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಕಲೆ ತಾನಾಗಿ ಇಳಿಯುತ್ತದೆ. ತುರಿಕೆಗೆ ಮಾತ್ರೆ, ಮುಲಾಮು ಕೊಡುತ್ತಾರೆ. ಕಪ್ಪು ಗುರುತು ಕೆಲವು ತಿಂಗಳು ಉಳಿಯಬಹುದು, ಅದಕ್ಕೆ ಹೆದರಬೇಡಿ.

ವೈರಸ್ಸಿಗೆ ಅಸೈಕ್ಲೋವಿರ್ ಎಂಬ ಔಷಧಿ ಇದೆಯಲ್ವಾ ಎಂದು ಕೇಳುವವರಿದ್ದಾರೆ. ಕೈ ಮೇಲೆ ಕಲೆ ಬಂದ ಮೇಲೆ ಅದನ್ನು ತಿಂದರೆ ಪ್ರಯೋಜನವಿಲ್ಲ. ವರ್ಷಕ್ಕೆ ಐದಾರು ಸಲ ಬರುವವರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಬದಲಾಗುತ್ತದೆ. ವರ್ಷಕ್ಕೊಮ್ಮೆ ಬರುವ ನಿಮ್ಮ ತಮ್ಮನಿಗೆ ಅಷ್ಟು ದೀರ್ಘ ಔಷಧಿ ಬೇಕಾಗಲಿಕ್ಕಿಲ್ಲ. ಕೊಯ್ಲಿನ ಹೊತ್ತಿಗೆ ಅಗಲ ಅಂಚಿನ ಟೋಪಿ, ತುಟಿಗೆ ಸನ್‌ಸ್ಕ್ರೀನ್ ಇರುವ ಲಿಪ್ ಬಾಮ್ ಅಭ್ಯಾಸವಾಗಲಿ. ವೈದ್ಯರ ಹತ್ತಿರ ಹೋಗುವಾಗ ಮೂರೂ ಸಲದ ತುಟಿ ಗುಳ್ಳೆಯ ದಿನ, ಕಲೆಯ ದಿನ, ಮಾತ್ರೆಯ ಹೆಸರು ಮತ್ತು ತಿಂದ ದಿನ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆ ನೋವಿನ ಮಾತ್ರೆಯನ್ನು ಮತ್ತೆ ತಗೊಳ್ಳಬಹುದೇ ಎಂದು ಅವರನ್ನೇ ನೇರವಾಗಿ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

– ಸಂಪಾದಕ