ಪ್ರತಿಕ್ರಿಯೆ: ಟಿವಿಯಲ್ಲಿ No Signal ಬರುವುದರ ಬಗ್ಗೆ

"ತಿಪಟೂರಿನಲ್ಲಿ ಕೊಂಡ ಟೈಪ್-ಸಿ ಎಚ್‌ಡಿಎಂಐ ಅಡಾಪ್ಟರನ್ನು ಫೋನಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ತೆರೆದುಕೊಳ್ಳುತ್ತದೆ, ಟಿವಿಯಲ್ಲಿ ಮಾತ್ರ No Signal. ಅಡಾಪ್ಟರ್ ಕೆಟ್ಟಿದೆಯೇ?"

ಬಹುಶಃ ಇಲ್ಲ, ಸರ್. ಇಂತಹ ಸಾಮಾನ್ಯ ಅಡಾಪ್ಟರು ತಾನಾಗಿ ಚಿತ್ರವನ್ನು ಸೃಷ್ಟಿಸುವುದಿಲ್ಲ. ಫೋನು ಪೋರ್ಟಿನ ಅತಿವೇಗದ ತಂತಿಗಳ ಮೂಲಕ ಕಳುಹಿಸುವ ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸಿಕೊಡುತ್ತದೆ, ಅಷ್ಟೆ. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಆ ತಂತಿಗಳ ಜೋಡಣೆಯೇ ಇರುವುದಿಲ್ಲ, ಯುಎಸ್‌ಬಿ 2.0ರ ತಂತಿಗಳು ಮಾತ್ರ ಇರುತ್ತವೆ. ಪೆನ್‌ಡ್ರೈವಿಗೆ ಅಷ್ಟು ಸಾಕಾಗುವುದರಿಂದ ಅದು ತೆರೆದುಕೊಳ್ಳುತ್ತದೆ. ರಂಧ್ರದ ಆಕಾರ ನೋಡಿ ಇದನ್ನು ತಿಳಿಯಲಾಗದು (ಅಂಗಡಿಯವರೂ ಸಾಮಾನ್ಯವಾಗಿ ಹೇಳುವುದಿಲ್ಲ).

ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಯ ವಿವರ ತೆರೆದು, ಯುಎಸ್‌ಬಿ ಸಾಲಿನಲ್ಲಿ 2.0 ಎಂದಿದ್ದರೆ ಆಸೆ ಬಿಡಿ, 3.1 ಅಥವಾ 3.2 ಎಂದಿದ್ದರೂ ಡಿಸ್‌ಪ್ಲೇಪೋರ್ಟಿನ ಉಲ್ಲೇಖ ಬೇರೆಯಾಗಿ ಇದೆಯೇ ಎಂದು ಹುಡುಕಿ. ಖಚಿತಪಡಿಸಿಕೊಳ್ಳಲು, ಪರಿಚಿತರ ಬಳಿ ಗ್ಯಾಲಕ್ಸಿ ಎಸ್8 ಅಥವಾ ಅದರ ನಂತರದ, ಲೈಟ್ ಅಲ್ಲದ ಎಸ್ ಸರಣಿಯ ಫೋನಿದ್ದರೆ ಅದೇ ಅಡಾಪ್ಟರಿಗೆ ಸಿಕ್ಕಿಸಿ. ಟಿವಿಯಲ್ಲಿ ಚಿತ್ರ ಮೂಡಿದರೆ ಕೊರತೆ ನಿಮ್ಮ ಫೋನಿನದು. ಆಗ ಇನ್ನೊಂದು ಅಡಾಪ್ಟರಿಗೆ ಹಣ ಹಾಕಬೇಡಿ. ವೈಫೈ ಮೂಲಕ ಪರದೆ ಬಿತ್ತರಿಸಬಹುದು, ಆದರೆ ಹೆಚ್ಚಾಗಿ ಫೋನಿನ ಪರದೆಯ ಪ್ರತಿಬಿಂಬವಷ್ಟೇ ಸಿಗುತ್ತದೆ, ಟೈಪಿಂಗ್ ಕೆಲಸಕ್ಕೆ ಅದರ ವಿಳಂಬ ಕಿರಿಕಿರಿಯೆನಿಸುತ್ತದೆ.